ಕ್ಯಾಲೆಂಡರಿನ ಖಾಲಿ ಮನೆ



ಮಧ್ಯಾಹ್ನ ಹನ್ನೆರಡೂವರೆಗೆ ನಮ್ಮ ಅತ್ತೆಯವರಿಗೆ ಇನ್ಸುಲಿನ್ ಚುಚ್ಚಬೇಕು. ಅರ್ಧ ಗಂಟೆ ಬಿಟ್ಟು, ಸರಿಯಾಗಿ ಒಂದು ಗಂಟೆಗೆ ಊಟ ಬಡಿಸಬೇಕು. ಡಾಕ್ಟರು ಹಾಗೆ ಹೇಳಿದ್ದಾರೆ, ನಾಲ್ಕು ವರ್ಷದಿಂದ ಹಾಗೇ ನಡೆದಿದೆ. 2025ರ ಏಪ್ರಿಲ್‌ನಲ್ಲಿ ಒಂದು ದಿನ ಇಂಜೆಕ್ಷನ್ ಕೊಟ್ಟು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಬಾಗಿಲಲ್ಲಿ ಒಬ್ಬರು ರವಿಕೆಯ ಅಳತೆಗೆ ಬಂದು ನಿಂತರು. ಮಗಳ ಮದುವೆಯ ಎಂಟು ರವಿಕೆ. ಕತ್ತು ಹೇಗಿರಲಿ, ತೋಳು ಎಷ್ಟುದ್ದ ಇರಲಿ ಅಂತ ಮಾತಾಡುತ್ತಾ ಟೇಪು ಹಿಡಿದವಳಿಗೆ ಗಡಿಯಾರ ಮರೆತೇ ಹೋಯಿತು. ಒಳಗೆ ಬಂದು ನೋಡಿದರೆ ಅತ್ತೆಯವರ ಹಣೆಯೆಲ್ಲ ಬೆವರು, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ. ಗಂಟೆ ಒಂದೂಕಾಲು ದಾಟಿತ್ತು. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, ಅವರು ಕಣ್ಣರಳಿಸಿ ನೋಡುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ.

ಬಂದವರದು ತಪ್ಪಲ್ಲ. ಹನ್ನೆರಡೂವರೆಯ ಹೊತ್ತನ್ನು ಅವರಿಗೆ ಕೊಟ್ಟವಳು ನಾನೇ. ಅದು ಹೇಗಾಯಿತು, ಆಮೇಲೆ ಅದನ್ನು ಹೇಗೆ ಸರಿ ಮಾಡಿಕೊಂಡೆ ಅನ್ನೋದೇ ಈ ಸಲದ ಮಾತು. ಮನೆಯಲ್ಲೇ ಹೊಲಿಗೆ, ಸೀರೆ ಕುಚ್ಚು, ಪಾಠ, ಮೆಹಂದಿ ಅಂತ ನಾಲ್ಕು ಕಾಸು ಸಂಪಾದಿಸುವವರೆಲ್ಲ ಕೇಳಬೇಕಾದ ಮಾತು.

ಆ ವರ್ಷ ಯುಗಾದಿಗೆ ಮಗಳು ಬೆಂಗಳೂರಿನಿಂದ ಬಂದಿದ್ದಳು. ದಿನವಿಡೀ ನನ್ನ ಫೋನು ಬಡಿದುಕೊಳ್ಳೋದು ನೋಡಿ, "ಅಮ್ಮಾ, ಗೂಗಲ್ ಕ್ಯಾಲೆಂಡರ್‌ನಲ್ಲಿ ನಿನಗೊಂದು ಬುಕಿಂಗ್ ಪುಟ ಮಾಡಿಕೊಡ್ತೀನಿ. ಯಾವಾಗ ಬರಬಹುದು ಅಂತ ಅವರೇ ನೋಡಿ ಹಿಡಿದುಕೊಳ್ಳಲಿ" ಅಂದಳು. ನಮ್ಮ ಜೀಮೇಲ್ ಖಾತೆಯಲ್ಲೇ ಅದು ಬರುತ್ತದೆ, ದುಡ್ಡು ಕೊಡಬೇಕಿಲ್ಲ. ಒಂದು ಲಿಂಕ್ ಸಿಗುತ್ತದೆ, ಅದನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿದರಾಯಿತು. "ಬೆಳಿಗ್ಗೆ ಎಷ್ಟು ಹೊತ್ತಿಗೆ ಬಿಡುವಮ್ಮ?" ಅಂತ ಕೇಳಿದಳು. "ತಿಂಡಿ ಕೆಲಸ ಮುಗಿದ ಮೇಲೆ, ಹತ್ತೂವರೆಯಿಂದ ಒಂದು ಗಂಟೆ ತನಕ" ಅಂದುಬಿಟ್ಟೆ. ನೋಡಿ, ಅಲ್ಲೇ ಎಡವಿದ್ದು. ಇಂಜೆಕ್ಷನ್ನು, ಊಟ ಯಾವುದೂ ನನ್ನ ಬಾಯಿಗೇ ಬರಲಿಲ್ಲ. ನಮ್ಮ ಮನೆ ಕೆಲಸ ನಮಗೇ ಕೆಲಸ ಅಂತ ಅನಿಸೋದಿಲ್ಲವಲ್ಲ!

ಚೌಕಾಬಾರ ಆಡಿದವರಿಗೆ ಗೊತ್ತು, ಖಾಲಿ ಮನೆ ಕಂಡರೆ ಎದುರಿನವರ ಕಾಯಿ ಬಂದು ಕೂತೇ ಕೂರುತ್ತದೆ. ಕ್ಯಾಲೆಂಡರಿನ ಚೌಕವೂ ಹಾಗೇ. ಅದರಲ್ಲಿ ಬರೆಯದ ಕೆಲಸ ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನಮ್ಮ ಮನೆಯವರೂ ಒಂದು ಬುಧವಾರ ನಾಲ್ಕು ಜನರನ್ನು ಊಟಕ್ಕೆ ಕರೆದು, "ನಿನ್ನ ಕ್ಯಾಲೆಂಡರ್ ನೋಡಿಯೇ ಕರೆದೆ ಕಣೇ, ಖಾಲಿ ಇತ್ತಲ್ಲ" ಅಂದಿದ್ದರು. ಬುಧವಾರ ನಾನು ಬಟ್ಟೆ ಕತ್ತರಿಸುವ ದಿನ. ಕತ್ತರಿ ಹಿಡಿದಾಗ ನಡುವೆ ನಾಲ್ಕು ಸಲ ಎದ್ದರೆ ಎರಡೂ ತೋಳು ಎಡಗೈಗೇ ಕತ್ತರಿಸಿರುತ್ತೇನೆ. ಆದರೆ ಅದನ್ನು ನಾನು ಎಲ್ಲೂ ಬರೆದಿರಲಿಲ್ಲವಲ್ಲ.

ಅದಕ್ಕೇ ನನ್ನ ಮೊದಲ ಮಾತು: ತೆರೆದಿರುವ ಹೊತ್ತು ಹಾಕುವ ಮೊದಲು ಮುಚ್ಚಿರುವ ಹೊತ್ತು ಬರೆಯಿರಿ. ಒಂದು ಹಾಳೆ ತಗೊಂಡು ಒಂದು ವಾರ ನೀವು ನಿಜವಾಗಿ ಏನು ಮಾಡುತ್ತೀರೋ ಗಂಟೆಯ ಪ್ರಕಾರ ಗೀಚಿಕೊಳ್ಳಿ. ಬೇರೆಯವರ ಎದುರು ನಿಲ್ಲಿಸಲಾಗದ ಕೆಲಸ ಯಾವುದು ಅಂತ ಗುರುತು ಹಾಕಿ. ನನ್ನ ಹಾಳೆಯಲ್ಲಿ ಉಳಿದದ್ದು ಮೂರೇ. ದಿನಾ 12.15ರಿಂದ 1.45ರವರೆಗೆ ಅತ್ತೆಯವರ ಇಂಜೆಕ್ಷನ್ ಮತ್ತು ಊಟ, ಬುಧವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಕತ್ತರಿ ಕೆಲಸ, ಭಾನುವಾರ ಮನೆ.

ಈ ಮೂರನ್ನೂ ನನ್ನ ಕ್ಯಾಲೆಂಡರಿಗೆ ಏರಿಸಿದೆ. ಹೊಸದಾಗಿ ಬರೆಯುವಾಗ ಶುರು ಮತ್ತು ಮುಗಿಯುವ ಸಮಯ ಹಾಕಿ, Does not repeat ಅಂತ ಇರುವಲ್ಲಿ ಒತ್ತಿ Daily ಅಂತ ಆರಿಸಿದರೆ ದಿನಾ ತಾನೇ ಬರುತ್ತದೆ. ವಾರಕ್ಕೊಮ್ಮೆಯದಾದರೆ Weekly. ಅದರ ಕೆಳಗೆ Busy ಅಂತ ಒಂದು ಮಾತಿರುತ್ತದೆ, ಅದು ಹಾಗೇ ಇದೆಯೋ ನೋಡಿಕೊಳ್ಳಿ. ಈ Busy ಅನ್ನೋದೇ ಬಾಗಿಲ ಚಿಲಕ. ಅಲ್ಲಿ Free ಅಂತ ಇದ್ದರೆ ನೀವು ಬರೆದದ್ದು ಕಣ್ಣಿಗೆ ಕಾಣುತ್ತದೆ, ಆದರೆ ಬರುವವರನ್ನು ತಡೆಯೋದಿಲ್ಲ.

ಇನ್ನು ತೆರೆಯುವ ಹೊತ್ತು. ಇದನ್ನು ಫೋನಿಗಿಂತ ಕಂಪ್ಯೂಟರಿನಲ್ಲಿ ಮಾಡಿದರೆ ಒಳ್ಳೆಯದು. ನಾನು ಎದುರು ಮನೆಯ ಹುಡುಗನ ಲ್ಯಾಪ್‌ಟಾಪಿನಲ್ಲಿ ಕೂತು ಮಾಡಿದೆ. ಎಡಗಡೆ ಮೇಲೆ Create ಒತ್ತಿ Appointment schedule ಆರಿಸಬೇಕು. ಮೊದಲು ಕೇಳೋದು ಒಬ್ಬೊಬ್ಬರಿಗೆ ಎಷ್ಟು ಹೊತ್ತು ಅಂತ. ಅಳತೆ ತೆಗೆಯೋದು ಹತ್ತು ಹದಿನೈದು ನಿಮಿಷದ ಕೆಲಸ, ಆದರೆ ಬೆನ್ನಿನ ಡಿಸೈನು ಆರಿಸುವುದರಲ್ಲೇ ಇನ್ನೊಂದು ಕಾಲು ಗಂಟೆ ಹೋಗುತ್ತದೆ. ಆದ್ದರಿಂದ 30 ನಿಮಿಷ ಹಾಕಿದೆ.

ಆಮೇಲೆ General availability ಅಂತ ಇದೆ. ಅಲ್ಲಿ ವಾರದ ಏಳು ದಿನವೂ ಸಾಲಾಗಿರುತ್ತವೆ. ಬೇಡದ ದಿನ ತೆಗೆದುಹಾಕಬಹುದು, ಒಂದೇ ದಿನಕ್ಕೆ ಎರಡು ಹೊತ್ತು ಬೇಕಾದರೆ ಪಕ್ಕದ ಕೂಡುವ ಗುರುತು ಒತ್ತಿ ಸೇರಿಸಬಹುದು. ಸೋಮವಾರ, ಮಂಗಳವಾರ, ಗುರುವಾರ, ಶುಕ್ರವಾರ ನಾನು ಎರಡು ಹೊತ್ತು ತೆರೆದೆ: ಬೆಳಿಗ್ಗೆ 10.30ರಿಂದ 11.45, ಮಧ್ಯಾಹ್ನ 3.30ರಿಂದ 5.30. ಶಾಲೆಯ ಟೀಚರುಗಳಿಗೆ ವಾರದಲ್ಲಿ ಬರಲಾಗೋದಿಲ್ಲ ಅಂತ ಶನಿವಾರ ಮಧ್ಯಾಹ್ನದ ಹೊತ್ತು ಮಾತ್ರ ಇಟ್ಟೆ. ಬುಧವಾರ, ಭಾನುವಾರ ಬಾಗಿಲು ಬಂದ್.

ಬೆಳಿಗ್ಗೆ 11.45ಕ್ಕೇ ಯಾಕೆ ಮುಗಿಸಿದೆ ಅಂತೀರಾ? ನನ್ನ ಕೆಲಸದಲ್ಲಿ ಒಬ್ಬರು ಹೋದ ಕೂಡಲೇ ಇನ್ನೊಬ್ಬರು ಬಂದರೆ ಅಳತೆ ಅದಲು ಬದಲಾಗುತ್ತದೆ. ಪುಸ್ತಕದಲ್ಲಿ ಬರೆದು, ಚೀಟಿಯನ್ನು ಬಟ್ಟೆಗೆ ಪಿನ್ನು ಹಾಕಿ, ಅಸ್ತರು ಜೋಡಿಸಿಡಲು ಕಾಲು ಗಂಟೆ ಬೇಕು. ಅದಕ್ಕಾಗಿ ಅಲ್ಲೇ ಕೆಳಗೆ Buffer time ಅಂತ ಇದೆ, 15 ನಿಮಿಷ ಹಾಕಿದೆ. ಈಗ ಲೆಕ್ಕ ನೋಡಿ. 10.30ಕ್ಕೆ ಒಬ್ಬರು ಬಂದು 11ಕ್ಕೆ ಹೊರಟರು. ಕಾಲು ಗಂಟೆ ನನ್ನದು. 11.15ಕ್ಕೆ ಇನ್ನೊಬ್ಬರು ಬಂದು 11.45ಕ್ಕೆ ಹೊರಟರು. ಎದ್ದು ಹೋಗುವವರು ಹೊಸಿಲಲ್ಲಿ ನಿಂತು ಹತ್ತು ನಿಮಿಷ ಮಾತಾಡಿದರೂ 12.15ಕ್ಕೆ ನಾನು ಅಡುಗೆಮನೆಯಲ್ಲಿರುತ್ತೇನೆ. ಮಧ್ಯಾಹ್ನ ಇದೇ ಲೆಕ್ಕದಲ್ಲಿ 3.30, 4.15, 5 ಗಂಟೆ ಅಂತ ಮೂರು ಜನ. ಒಟ್ಟು ಐದು ಜನಕ್ಕೆ ಜಾಗ ಇದೆ, ಆದರೆ ಐವರ ಬಟ್ಟೆ ಒಂದೇ ದಿನ ಹಿಡಿದರೆ ಹೊಲಿಯೋದು ಯಾವಾಗ? Maximum bookings per day ಅನ್ನುವಲ್ಲಿ 4 ಅಂತ ಹಾಕಿದೆ. ನಾಲ್ಕನೆಯವರು ಹಿಡಿದ ಕೂಡಲೇ ಆ ದಿನದ ಬಾಗಿಲು ತಾನೇ ಮುಚ್ಚುತ್ತದೆ.

ಇನ್ನೊಂದು ಜಾಗ ಇದೆ, ಅದನ್ನು ಬಹಳ ಜನ ನೋಡೋದೇ ಇಲ್ಲ. ಅದಕ್ಕೆ Scheduling window ಅಂತ ಹೆಸರು. ಎಷ್ಟು ದಿನ ಮುಂದಿನದನ್ನು ಹಿಡಿಯಬಹುದು, ಕಡೇ ಪಕ್ಷ ಎಷ್ಟು ಗಂಟೆ ಮೊದಲು ಹಿಡಿಯಬೇಕು ಅಂತ ಅಲ್ಲಿ ಹೇಳಬೇಕು. ಮುಂದಕ್ಕೆ 15 ದಿನ ಸಾಕು ಅಂತ ಹಾಕಿದೆ. ಮೊದಲ ಸಲ ಕಡೇ ಗಳಿಗೆಯದನ್ನು ಹಾಗೇ ಬಿಟ್ಟಿದ್ದೆ. ನಾನು ಬೆಳಿಗ್ಗೆ ಫೋನು ನೋಡಿ "ಮಧ್ಯಾಹ್ನ ಯಾರೂ ಇಲ್ಲ" ಅಂತ ಬ್ಯಾಂಕಿಗೆ ಹೊರಟರೆ, ಅಷ್ಟರಲ್ಲಿ ಯಾರೋ ಹಿಡಿದು ಬೀಗ ಹಾಕಿದ ಬಾಗಿಲ ಮುಂದೆ ನಿಂತಿರುತ್ತಿದ್ದರು. ಈಗ 20 ಗಂಟೆ ಮೊದಲು ಅಂತ ಹಾಕಿದ್ದೇನೆ. ನಾಳೆ ಬೆಳಿಗ್ಗೆ 10.30ರದನ್ನು ಇವತ್ತು ಮಧ್ಯಾಹ್ನ 2.30ರೊಳಗೆ ಹಿಡಿಯಬೇಕು. ನಾಳೆಯ ಕೊನೆಯದು ಸಂಜೆ 5ರದು, ಅದನ್ನು ಇವತ್ತು ರಾತ್ರಿ 9ರೊಳಗೆ ಹಿಡಿಯಬೇಕು. ಅಂದರೆ ರಾತ್ರಿ ಪಾತ್ರೆ ತೊಳೆದು ಒಂಬತ್ತರ ಮೇಲೆ ಒಂದು ಸಲ ನೋಡಿದರೆ ನಾಳೆಯ ಪಟ್ಟಿ ಪೂರ್ತಿ ಗೊತ್ತಾಯಿತು, ಇನ್ನು ಯಾರೂ ಸೇರಿಕೊಳ್ಳೋದಿಲ್ಲ. ನಿಮ್ಮ ನಿದ್ದೆಯ ಹೊತ್ತು ಯಾವುದೋ ಅದಕ್ಕೆ ತಕ್ಕಂತೆ ಈ ಗಂಟೆ ಕೂಡಿ ಕಳೆದು ಹಾಕಿಕೊಳ್ಳಿ.

ಇಷ್ಟು ಮಾಡಿ ನಾನು ಗೆದ್ದೆ ಅಂದುಕೊಂಡೆ. ಆದರೆ ಎರಡು ಸಲ ಮತ್ತೆ ಮುಗ್ಗರಿಸಿದೆ. ನೀವು ಮುಗ್ಗರಿಸಬಾರದು ಅಂತ ಹೇಳುತ್ತೇನೆ.

ಮೊದಲನೆಯದು ವರಮಹಾಲಕ್ಷ್ಮಿ ಹಬ್ಬ. 2025ರಲ್ಲಿ ಅದು ಆಗಸ್ಟ್ 8ರ ಶುಕ್ರವಾರ ಬಂತು. ಹಬ್ಬದ ದಿನ ಯಾರೂ ಬರಬಾರದು ಅಂತ ಹದಿನೈದು ದಿನ ಮೊದಲೇ ಆ ತಾರೀಖಿನ ಮೇಲೆ "ಹಬ್ಬ" ಅಂತ ದಿನಪೂರ್ತಿಯದಾಗಿ ಬರೆದಿದ್ದೆ. ಆದರೂ ಇಬ್ಬರು ಹಿಡಿದಿದ್ದರು. ಕಲಶಕ್ಕೆ ಸೀರೆ ಉಡಿಸುವುದು ಬಿಟ್ಟು ಅವರಿಗೆ ಫೋನು ಮಾಡಿ ಕ್ಷಮೆ ಕೇಳಬೇಕಾಯಿತು. ಕಾರಣ ಇಷ್ಟೇ. ಗಂಟೆ ಹಾಕಿ ಬರೆದದ್ದಕ್ಕೆ ಕ್ಯಾಲೆಂಡರ್ ತಾನೇ Busy ಅಂತ ಇಡುತ್ತದೆ. All day ಅಂತ ದಿನಪೂರ್ತಿಗೆ ಬರೆದರೆ ಅದನ್ನು ಹುಟ್ಟುಹಬ್ಬದ ನೆನಪಿನ ಚೀಟಿಯಂತೆ ತಿಳಿದು Free ಅಂತ ಇಡುತ್ತದೆ. ಹಬ್ಬ, ಊರಿಗೆ ಹೋಗುವುದು, ಮದುವೆ ಮನೆ ಯಾವುದೇ ಇರಲಿ, ದಿನಪೂರ್ತಿಯದನ್ನು ಬರೆದ ಕೂಡಲೇ Free ಅನ್ನುವುದನ್ನು ಕೈಯಾರೆ Busy ಮಾಡಬೇಕು. ಇಲ್ಲವೇ ಬುಕಿಂಗ್ ಪುಟವನ್ನೇ ತಿದ್ದಲು ಹೋಗಿ, Adjusted availability ಅನ್ನುವಲ್ಲಿ ಆ ಒಂದು ತಾರೀಖನ್ನು ಮುಚ್ಚಬೇಕು. ಅದೇ ತಿಂಗಳ 26ರ ಗೌರಿ ಹಬ್ಬವನ್ನು ಹೀಗೇ ಮುಚ್ಚಿದೆ, ಒಬ್ಬರೂ ಬರಲಿಲ್ಲ. ಮದುವೆ ಕಾಲದಲ್ಲಿ ಒಂದೇ ಒಂದು ದಿನ ಹೆಚ್ಚಿಗೆ ತೆರೆಯಬೇಕಾದರೂ ಇದೇ ಜಾಗ.

ಎರಡನೆಯದು ನಮ್ಮ ಮನೆಯವರೆಲ್ಲ ಸೇರಿ ಬರೆಯುವ ಕ್ಯಾಲೆಂಡರಿನ ಕಥೆ. ಮಗಳು "ಮನೆ" ಅಂತ ಹೆಸರಿಟ್ಟು ಬೇರೆ ಒಂದು ಕ್ಯಾಲೆಂಡರ್ ಮಾಡಿ ನಮ್ಮ ಮೂವರಿಗೂ ಹಂಚಿದ್ದಾಳೆ. ಸೆಪ್ಟೆಂಬರಿನಲ್ಲಿ ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕು ಅಂತ ಒಂದು ಗುರುವಾರ 11 ಗಂಟೆಗೆ ಅದರಲ್ಲಿ ಬರೆದಳು. ನನ್ನ ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ಅದೇ ಹೊತ್ತಿಗೆ ಒಬ್ಬರು ಅಳತೆಗೆ ಹಿಡಿದರು. "ಇದೇನೇ ಇದು, ಬರೆದಿದ್ದರೂ ಹೀಗಾಯ್ತಲ್ಲೇ" ಅಂತ ಮಗಳಿಗೆ ಫೋನು ಮಾಡಿದೆ. ಅವಳು ಹುಡುಕಿ ಹೇಳಿದಳು, "ಅಮ್ಮಾ, ಬುಕಿಂಗ್ ಪುಟದಲ್ಲಿ Calendars checked for availability ಅಂತ ಒಂದು ಪಟ್ಟಿ ಇದೆ, ನೋಡು. ಅದರಲ್ಲಿ ನಿನ್ನ ಹೆಸರಿನ ಕ್ಯಾಲೆಂಡರ್ ಒಂದೇ ಇದೆ. ಅದು 'ಮನೆ'ಯನ್ನು ನೋಡೋದೇ ಇಲ್ಲ." ತೆರೆಯ ಮೇಲೆ ಎಲ್ಲ ಬಣ್ಣವೂ ಒಟ್ಟಿಗೆ ಕಾಣುವುದರಿಂದ ನಮಗೆ ಒಂದೇ ಅನಿಸುತ್ತದೆ. ಆದರೆ ಅವು ಬೇರೆ ಬೇರೆ ಪುಸ್ತಕಗಳು. ಸರ್ಕಾರಿ ರಜೆ ತೋರಿಸುವುದೂ ಇನ್ನೊಂದು ಪುಸ್ತಕವೇ, ಅದನ್ನು ನಂಬಿ ಕೂರಬೇಡಿ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ. "ಮನೆ" ಕ್ಯಾಲೆಂಡರಿನಲ್ಲಿ ನಾನು ಹೋಗಲೇಬೇಕಾದ ಕೆಲಸ ಬರೆದವರು ಅದಕ್ಕೆ ನನ್ನ ಇ-ಮೇಲ್ ಸೇರಿಸಿ ಕರೆಯಬೇಕು. ಮದುವೆ ಪತ್ರಿಕೆಯ ಹಾಗೆ ಅದು ನನಗೆ ಬರುತ್ತದೆ, ನಾನು Yes ಒತ್ತುತ್ತೇನೆ. ಆಗ ಅದು ನನ್ನ ಪುಸ್ತಕಕ್ಕೂ ಏರುತ್ತದೆ, ಆ ಹೊತ್ತು ಮುಚ್ಚಿಕೊಳ್ಳುತ್ತದೆ.

ಹಂಚುವಾಗಲೂ ಸ್ವಲ್ಪ ಯೋಚಿಸಿ. ನನ್ನ ಸ್ವಂತ ಕ್ಯಾಲೆಂಡರನ್ನು ನಮ್ಮ ಮನೆಯವರಿಗೂ ಮಗಳಿಗೂ See all event details ಅಂತ ಕೊಟ್ಟಿದ್ದೇನೆ, ಯಾವ ಕೆಲಸ ಅಂತ ಓದಬಹುದು. ನನ್ನ ನಾದಿನಿಗೆ See only free/busy ಅಂತ ಕೊಟ್ಟಿದ್ದೇನೆ. ಹೊತ್ತು ತುಂಬಿದೆಯೋ ಖಾಲಿಯೋ ಅಷ್ಟೇ ಕಾಣುತ್ತದೆ, ಅತ್ತೆಯವರ ಇಂಜೆಕ್ಷನ್ ವಿಷಯ ಬೀದಿಗೆ ಬರೋದಿಲ್ಲ. ಬಟ್ಟೆ ತರುವವರಿಗೆ ಕ್ಯಾಲೆಂಡರ್ ಹಂಚಬೇಕಾಗಿಯೇ ಇಲ್ಲ. ಲಿಂಕಿನಲ್ಲಿ ಅವರಿಗೆ ಕಾಣುವುದು ತೆರೆದಿರುವ ಹೊತ್ತು ಮಾತ್ರ.

ಮಕ್ಕಳು ಆಫೀಸಿನಲ್ಲಿರುವ ತಾಯಂದಿರು ಇನ್ನೊಂದು ಹೆಸರು ಕೇಳಿರಬಹುದು, Working hours ಅಂತ. ಅದು ಆಫೀಸು, ಶಾಲೆಯವರು ಕೊಟ್ಟ ಖಾತೆಗಳಿಗೆ ಬರುವಂಥದ್ದು, ನಮ್ಮ ಸ್ವಂತ ಜೀಮೇಲಿಗಲ್ಲ. ನನ್ನ ಮಗಳು ಬೆಳಿಗ್ಗೆ 9.30ರಿಂದ ಸಂಜೆ 6 ಅಂತ ಹಾಕಿಕೊಂಡಿದ್ದಾಳೆ. ಆದರೂ ರಾತ್ರಿ 8ಕ್ಕೆ ಮೀಟಿಂಗ್ ಅಂತ ಬಂದೇ ಬರುತ್ತವೆ. ಯಾಕೆಂದರೆ ಅದು ಕರೆಯುವವರಿಗೆ "ಇದು ಅವರ ಕೆಲಸದ ಹೊತ್ತಲ್ಲ" ಅಂತ ಎಚ್ಚರಿಕೆ ಮಾತ್ರ ಕೊಡುತ್ತದೆ, ತಡೆಯೋದಿಲ್ಲ. ನಮ್ಮ ಬುಕಿಂಗ್ ಪುಟ ಹಾಗಲ್ಲ. ತೆರೆಯದ ಹೊತ್ತು ಅಲ್ಲಿ ಕಾಣುವುದೇ ಇಲ್ಲ, ಆದ್ದರಿಂದ ಲಿಂಕಿನಿಂದ ಹಿಡಿಯುವಂತೆಯೇ ಇಲ್ಲ. "ನಿನ್ನದೇ ವಾಸಿ ಕಣಮ್ಮ" ಅಂತ ಅವಳು ನಗುತ್ತಾಳೆ.

ನಮ್ಮ ಊರಿನಲ್ಲಿ ಎಲ್ಲರೂ ಲಿಂಕ್ ಒತ್ತುವವರಲ್ಲ. ಅದರಲ್ಲಿ ಹೆಸರಿನ ಜೊತೆ ಇ-ಮೇಲ್ ಕೂಡ ಹಾಕಬೇಕು. "ಅಯ್ಯೋ, ಅದೆಲ್ಲ ನಂಗೆ ಬರಲ್ಲ ಕಣ್ರೀ, ನಾಳೆ ಬರಲಾ?" ಅಂತ ಫೋನು ಮಾಡುವವರೇ ಅರ್ಧ ಜನ. ಅವರಿಗೆ ಬೇಡ ಅನ್ನಲಾಗುತ್ತದೆಯೇ? ಆದರೆ ಫೋನಿನಲ್ಲಿ ಹ್ಞೂಂ ಅಂದದ್ದು ಕ್ಯಾಲೆಂಡರಿಗೆ ಕೇಳಿಸೋದಿಲ್ಲ. ನಾನು ಕ್ಯಾಲೆಂಡರ್ ತೆರೆದು ನೋಡಿಯೇ ಹೊತ್ತು ಹೇಳುತ್ತೇನೆ, ಮಾತು ಮುಗಿಸಿ ಫೋನು ಕೆಳಗಿಡುವ ಮೊದಲೇ ಅವರ ಹೆಸರು ಹಾಕಿ ಬರೆದುಬಿಡುತ್ತೇನೆ. ಗಂಟೆ ಹಾಕಿ ಬರೆದ ಮೇಲೆ ಆ ಹೊತ್ತು ಲಿಂಕಿನಿಂದಲೂ ಮಾಯವಾಗುತ್ತದೆ. ಆಮೇಲೆ ಬರೆಯೋಣ ಅಂತ ಒಲೆ ಕಡೆ ತಿರುಗಿದರೆ ಒಂದೇ ಹೊತ್ತಿಗೆ ಇಬ್ಬರು ಜಗಲಿಯಲ್ಲಿ ಮುಖ ಮುಖ ನೋಡುತ್ತಾ ಕೂತಿರುತ್ತಾರೆ.

ಎಲ್ಲ ಮಾಡಿ ಮುಗಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಅನ್ನ ಬೆಂದಿದೆಯೋ ಅಂತ ಒಂದು ಅಗುಳು ಹಿಚುಕಿ ನೋಡುವ ಹಾಗೆ. ಲಿಂಕನ್ನು ಮನೆಯ ಬೇರೆ ಯಾರದಾದರೂ ಫೋನಿಗೆ ಕಳಿಸಿ, ಅದರಲ್ಲಿ ತೆರೆದು ನೋಡಿ. ಮುಚ್ಚಿದ ದಿನ ನಿಜವಾಗಿ ಮುಚ್ಚಿದೆಯೇ? ಮುಂದಿನ ಹಬ್ಬದ ತಾರೀಖು ಖಾಲಿ ತೋರಿಸುತ್ತಿದೆಯೇ? ಊಟದ ಹೊತ್ತು ಯಾರಿಗಾದರೂ ಸಿಗುತ್ತಿದೆಯೇ? ನಾವು ನಮ್ಮ ಫೋನಿನಲ್ಲಿ ನೋಡೋದು ಮನೆಯ ಒಳಗಿನಿಂದ, ಆ ಲಿಂಕಿನಲ್ಲಿ ಕಾಣೋದು ಬೀದಿಯಿಂದ. ಇನ್ನೊಂದು ವಿಷಯ ನೆನಪಿರಲಿ. ಹೊತ್ತು ಬದಲಿಸಿದರೆ ಮುಂದೆ ಹಿಡಿಯುವವರಿಗೆ ಮಾತ್ರ ಅನ್ವಯ. ಆಗಲೇ ಹಿಡಿದವರದು ಹಾಗೇ ಉಳಿಯುತ್ತದೆ, ಅವರಿಗೆ ನೀವೇ ಫೋನು ಮಾಡಿ ಹೇಳಬೇಕು. ನನ್ನ ಮೊದಲಿನ ತಪ್ಪು ತಿದ್ದಿದಾಗ ಒಂದು ಗಂಟೆಯೊಳಗೆ ಅಂತ ಹಿಡಿದಿದ್ದ ಮೂವರಿಗೆ ಹೀಗೇ ಫೋನು ಮಾಡಿ ಮಧ್ಯಾಹ್ನಕ್ಕೆ ಬದಲಿಸಿಕೊಂಡೆ. ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ.

ಮೊನ್ನೆ ಅತ್ತೆಯವರು ನನ್ನ ಫೋನು ಇಸಕೊಂಡು ಕನ್ನಡಕ ಏರಿಸಿ ನೋಡಿದರು. ದಿನಾ ಅದೇ ಹೊತ್ತಿನಲ್ಲಿ ಬರೆದಿದ್ದ ಸಾಲು ಓದಿ, "ಇದು ನಂದಾ?" ಅಂದರು. "ಹೌದತ್ತೆ, ನಿಮ್ಮದೇ. ಆ ಹೊತ್ತಿಗೆ ಯಾರೂ ಬರೋ ಹಾಗಿಲ್ಲ" ಅಂದೆ. "ಹಾಗಾದ್ರೆ ಅದಕ್ಕೆ ಇನ್ನೊಂದು ಹತ್ತು ನಿಮಿಷ ಸೇರಿಸು, ನೀನೂ ನನ್ನ ಜೊತೆ ಕೂತು ಊಟ ಮಾಡು" ಅಂದರು. ಸೇರಿಸಿದ್ದೇನೆ. ಈಗ ಅದು 1.55ರವರೆಗೆ ಇದೆ.